ಸ್ಪಿರಿಟ್ ಬೀಳುವ ಗಳಿಗೆ

ಶಿರಾದಲ್ಲೋ ಮಧುಗಿರಿಯಲ್ಲೋ ವೈನ್ ಶಾಪಿಗೆ ಹೋಗಿ ‘ಪೋರ್ಟ್ ವೈನ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಕಡುಗೆಂಪು ಬಣ್ಣದ, ದ್ರಾಕ್ಷಿ ಜ್ಯೂಸಿನ ಹಾಗೆ ಸಿಹಿಯಾದ ಒಂದು ಬಾಟಲಿ. ಬಿಯರ್ ಕಹಿ ಎನ್ನುವವರಿಗೆ, ವಿಸ್ಕಿ ಖಾರ ಎನ್ನುವವರಿಗೆ, ಡಿಸೆಂಬರ್ ಚಳಿಯಲ್ಲಿ ಒಂದು ಗುಟುಕು ಸಾಕು ಎನ್ನುವವರಿಗೆ ಅದು ಒಪ್ಪುತ್ತದೆ. ಗೋವಾಕ್ಕೆ ಹೋದವರು ತರುವುದೂ ಹೆಚ್ಚುಕಡಿಮೆ ಇದನ್ನೇ. ಹೀಗಾಗಿ ಪೋರ್ಟ್ ಅಂದರೆ ಸಕ್ಕರೆ ಹಾಕಿದ ವೈನ್ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಶೆರ್ರಿಯ ಹೆಸರನ್ನಂತೂ ಹೆಚ್ಚಿನವರು ಇಂಗ್ಲಿಷ್ ಕಾದಂಬರಿಗಳಲ್ಲಿ ಓದಿರುತ್ತಾರೆ, ಅಷ್ಟೆ.

ಆ ಬಾಟಲಿಯ ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿರುವ ಶೇಕಡಾವಾರು ಅಂಕಿಯನ್ನು ನೋಡಿ. ಅಲ್ಕೋಹಾಲ್ ಶೇ 12 ಅಥವಾ 14 ಎಂದಿದ್ದರೆ ಅದು ಸಿಹಿ ವೈನ್ ಇರಬಹುದು, ರುಚಿಯಾಗಿಯೂ ಇರಬಹುದು. ಆದರೆ ಪೋರ್ಟ್ ಮಾಡುವ ಕ್ರಮದಲ್ಲಿ ಮಾಡಿದ್ದಲ್ಲ. ಪೋರ್ಚುಗಲ್ಲಿನ ಪೋರ್ಟ್‌ನಲ್ಲಿ ಅಲ್ಕೋಹಾಲ್ ಸಾಮಾನ್ಯವಾಗಿ ಶೇ 19ರಿಂದ 22ರವರೆಗೆ ಇರುತ್ತದೆ. ಸ್ಪೇನಿನ ಶೆರ್ರಿಯಲ್ಲಿ ಅದು ಶೇ 15ರಿಂದ ಶುರುವಾಗಿ 22ರವರೆಗೂ ಹೋಗುತ್ತದೆ. ದ್ರಾಕ್ಷಿರಸ ತಾನಾಗಿ ಹುದುಗಿ ಈ ಮಟ್ಟ ಮುಟ್ಟುವುದು ಕಷ್ಟ. ಶೇ 16ರ ಆಸುಪಾಸಿಗೆ ಬರುವಷ್ಟರಲ್ಲಿ ಹುದುಗಿಸುವ ಯೀಸ್ಟೇ ತಾನು ಮಾಡಿದ ಅಲ್ಕೋಹಾಲಿಗೆ ಸೋಲುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಬೇಕಾದರೆ ಬಟ್ಟಿ ಇಳಿಸಿದ ಸ್ಪಿರಿಟ್ಟನ್ನು ಹೊರಗಿನಿಂದ ಸೇರಿಸಬೇಕು. ಹಾಗೆ ಸೇರಿಸಿದ್ದೇ ಫೋರ್ಟಿಫೈಡ್ ವೈನ್, ಅಂದರೆ ಬಲಪಡಿಸಿದ ವೈನ್.

ಪೋರ್ಟ್ ಮತ್ತು ಶೆರ್ರಿ ಎರಡಕ್ಕೂ ಸ್ಪಿರಿಟ್ ಬೀಳುತ್ತದೆ. ಆದರೂ ಒಂದು ಸಿಹಿ, ಇನ್ನೊಂದು ಮೂಲತಃ ಒಂದು ಚೂರೂ ಸಿಹಿಯಿಲ್ಲದ್ದು, ವೈನ್‌ನವರ ಮಾತಿನಲ್ಲಿ ‘ಡ್ರೈ’. ಸ್ಪಿರಿಟ್ ಯಾವ ಗಳಿಗೆಯಲ್ಲಿ ಬಿತ್ತು ಎಂಬುದರಿಂದ ಈ ವ್ಯತ್ಯಾಸ ಹುಟ್ಟುತ್ತದೆ. ಹುದುಗು ಜೋರಾಗಿರುವಾಗಲೇ ಬಿದ್ದರೆ ಪೋರ್ಟ್. ಹುದುಗು ಪೂರ್ತಿ ಮುಗಿದು ಸಕ್ಕರೆಯೆಲ್ಲ ಕರಗಿಹೋದ ಮೇಲೆ ಬಿದ್ದರೆ ಶೆರ್ರಿ. ಯಾವುದನ್ನು ಊಟಕ್ಕೆ ಮೊದಲು ಕೊಡಬೇಕು, ಯಾವುದನ್ನು ಒಬ್ಬಟ್ಟಿನ ಜೊತೆ ಕೊಡಬೇಕು, ತೆರೆದ ಬಾಟಲಿ ಎಷ್ಟು ದಿನ ಬಾಳುತ್ತದೆ ಎಂಬುದೆಲ್ಲ ಆ ಗಳಿಗೆಯಿಂದಲೇ ತೀರ್ಮಾನವಾಗುತ್ತದೆ.

ಹಡಗಿನ ಬಿಸಿಲು

ವೈನ್‌ಗೆ ಸ್ಪಿರಿಟ್ ಬೆರೆಸುವ ರೂಢಿ ಬಲಗೊಂಡದ್ದು ವ್ಯಾಪಾರದ ಅಗತ್ಯದಿಂದ. 1703ರ ಮೆಥುಯೆನ್ ಒಪ್ಪಂದದ ನಂತರ ಪೋರ್ಚುಗಲ್ಲಿನ ವೈನ್‌ಗೆ ಇಂಗ್ಲೆಂಡಿನಲ್ಲಿ ಫ್ರಾನ್ಸಿನ ವೈನ್‌ಗಿಂತ ಕಡಿಮೆ ಸುಂಕ ಬಿತ್ತು. ಡೋರೋ ಕಣಿವೆಯಿಂದ ಪೀಪಾಯಿಗಳು ಹಡಗು ಹತ್ತಿದವು. ದಾರಿಯಲ್ಲಿ ಕೆಡದಿರಲಿ ಎಂದು ವರ್ತಕರು ಅವಕ್ಕೆ ಸ್ವಲ್ಪ ಬ್ರಾಂದಿ ಸುರಿಯುತ್ತಿದ್ದರು. ಹುದುಗು ಮುಗಿಯುವ ಮೊದಲೇ ಸುರಿದರೆ ಸಿಹಿಯೂ ಉಳಿಯುತ್ತದೆ ಎಂಬ ಅನುಕೂಲ ಬರಬರುತ್ತ ಪದ್ಧತಿಯಾಗಿ ನಿಂತಿತು. ಹೆಸರು ಕೆಡಿಸುವ ಕಲಬೆರಕೆ ಹೆಚ್ಚಾದಾಗ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ ಮಾರ್ಕ್ವಿಸ್ 1756ರಲ್ಲಿ ಡೋರೋ ಪ್ರದೇಶಕ್ಕೆ ಗಡಿ ಹಾಕಿಸಿದ. ನಿರ್ದಿಷ್ಟ ಹೆಸರಿನ ವೈನ್ ನಿರ್ದಿಷ್ಟ ನೆಲದಿಂದಲೇ ಬರಬೇಕು ಎಂದು ಸರ್ಕಾರವೊಂದು ವಿಧಿಸಿದ ಅತಿ ಹಳೆಯ ಕಟ್ಟಳೆಗಳಲ್ಲಿ ಅದೂ ಒಂದು.

ಭಾರತದ ಕಡೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮದೀರಾ ದ್ವೀಪದಲ್ಲಿ ನಿಂತು ಅಲ್ಲಿನ ವೈನ್ ಹೇರಿಕೊಳ್ಳುತ್ತಿದ್ದವು. ಬಿಸಿ ಕಡಲನ್ನು ದಾಟಿ ಬಂದ ಮೇಲೆ ಅದು ಕೆಡುವ ಬದಲು ಇನ್ನಷ್ಟು ರುಚಿಯಾಗುವುದನ್ನು ವರ್ತಕರು ಕಂಡುಕೊಂಡರು. ಈಗಲೂ ಮದೀರಾದ ಸಾಧಾರಣ ದರ್ಜೆಯ ವೈನನ್ನು ತೊಟ್ಟಿಯಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. 1809ರಲ್ಲಿ ಬೆಂಗಳೂರು ದಂಡು ನೆಲೆಯೂರಿತು. ಆ ಕಾಲದ ಬ್ರಿಟಿಷ್ ಅಧಿಕಾರಿಗಳ ಮೇಜಿಗೆ ಇಂಥ ಗಟ್ಟಿ ವೈನ್‌ಗಳು ಒಗ್ಗಿದ್ದಕ್ಕೆ ಅಭಿರುಚಿಯ ಜೊತೆ ಉಷ್ಣವೂ ಕಾರಣ. ಮಾಮೂಲಿ ವೈನ್ ನಮ್ಮ ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಶೇ 20ರದ್ದು ತಡೆಯುತ್ತದೆ.

ಬೆಂಗಳೂರು ಬ್ಲೂ ಹಿಡಿದು ಒಂದು ಲೆಕ್ಕ

ಪೋರ್ಟ್ ಮಾಡುವ ಕ್ರಮವನ್ನು ನಮ್ಮ ಹಣ್ಣಿನ ಮೇಲೇ ಇಟ್ಟು ನೋಡೋಣ. ಕೊರಟಗೆರೆಯಿಂದ ದೊಡ್ಡಬಳ್ಳಾಪುರದ ಕಡೆ ಹೋದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಸೀಮೆ ಶುರುವಾಗುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದವರೆಗೂ ಅದರ ಚಪ್ಪರಗಳಿವೆ. ದಪ್ಪ ಸಿಪ್ಪೆ, ಬೀಜ, ಒಳ್ಳೆಯ ಹುಳಿ, ಮೂಗಿಗೆ ಬಡಿಯುವ ಒಂದು ವಿಶಿಷ್ಟ ವಾಸನೆ ಈ ಹಣ್ಣಿನ ಲಕ್ಷಣ. ಅಮೆರಿಕ ಮೂಲದ ದ್ರಾಕ್ಷಿಯ ರಕ್ತ ಅದರಲ್ಲಿರುವುದರಿಂದ ಆ ವಾಸನೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ರಾಜ್ಯದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ವೈನರಿಗಳು ಹೆಚ್ಚಿದವು. ಅವುಗಳಲ್ಲಿ ಫ್ರಾನ್ಸಿನ ತಳಿ ಬಳಸುವವರು ಒಂದು ಕಡೆ. ಬೆಂಗಳೂರು ಬ್ಲೂ ಕೊಂಡು ಅಗ್ಗದ ಸಿಹಿ ವೈನ್ ಮಾಡುವವರು ಇನ್ನೊಂದು ಕಡೆ. ಗೋವಾದ ಎಷ್ಟೋ ‘ಪೋರ್ಟ್’ ಬಾಟಲಿಗಳ ಒಳಗಿರುವುದೂ ಇದೇ ಹಣ್ಣಿನ ರಸ.

ಮೊದಲು ಡೋರೋ ಕಣಿವೆಯ ಕ್ರಮ. ಅಲ್ಲಿ ಕೆಂಪು ದ್ರಾಕ್ಷಿಯನ್ನು ಕಲ್ಲಿನ ಅಗಲ ತೊಟ್ಟಿಗೆ ಹಾಕಿ ತುಳಿಯುತ್ತಾರೆ. ಈಗ ಹೆಚ್ಚಿನ ಕಡೆ ಯಂತ್ರ ಬಂದಿದೆ, ಕಾಲಿನಲ್ಲಿ ತುಳಿಯುವುದೂ ಪೂರ್ತಿ ನಿಂತಿಲ್ಲ. ತುಳಿಯುವ ಅವಸರಕ್ಕೆ ಕಾರಣವಿದೆ. ಸಾಮಾನ್ಯ ಕೆಂಪು ವೈನ್‌ನಲ್ಲಿ ಸಿಪ್ಪೆ ವಾರಗಟ್ಟಲೆ ರಸದಲ್ಲಿ ನೆನೆಯುತ್ತದೆ, ಬಣ್ಣವೂ ಒಗರೂ ನಿಧಾನವಾಗಿ ಇಳಿಯುತ್ತವೆ. ಪೋರ್ಟ್‌ನಲ್ಲಿ ಸಿಗುವುದು ಎರಡು–ಮೂರು ದಿನ ಮಾತ್ರ. ಅಷ್ಟರೊಳಗೆ ಸಿಪ್ಪೆಯಿಂದ ಹಿಂಡಬೇಕಾದ್ದನ್ನೆಲ್ಲ ಹಿಂಡಬೇಕು. ಯೀಸ್ಟ್ ಸಕ್ಕರೆಯ ಅರ್ಧದಷ್ಟನ್ನು ತಿಂದು ಅಲ್ಕೋಹಾಲ್ ಶೇ 5ರಿಂದ 7ರ ಹತ್ತಿರ ಬಂದಾಗ ರಸವನ್ನು ಸಿಪ್ಪೆಯಿಂದ ಬಸಿದು ಶೇ 77ರ ದ್ರಾಕ್ಷಿ ಸ್ಪಿರಿಟ್ ಬೆರೆಸುತ್ತಾರೆ. ಹಳೆಯ ಅಳತೆಯಲ್ಲಿ 435 ಲೀಟರ್ ವೈನ್‌ಗೆ 115 ಲೀಟರ್ ಸ್ಪಿರಿಟ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ಯೀಸ್ಟ್ ಸಾಯುತ್ತದೆ, ಅದು ತಿನ್ನದೆ ಬಿಟ್ಟ ಸಕ್ಕರೆ ವೈನ್‌ನಲ್ಲೇ ಉಳಿಯುತ್ತದೆ. ಪೋರ್ಟ್‌ನ ಸಿಹಿ ಎಂದರೆ ಹಣ್ಣಿನದೇ ಸಿಹಿ, ಲೀಟರಿಗೆ ಹತ್ತಿರ ಹತ್ತಿರ 100 ಗ್ರಾಂ.

ಈಗ ಇದೇ ಲೆಕ್ಕವನ್ನು ಬೆಂಗಳೂರು ಬ್ಲೂಗೆ ಹಾಕೋಣ. ಹಣ್ಣಾದಾಗ ಅದರ ಸಿಹಿ 17 ಬ್ರಿಕ್ಸ್ ಇದೆ ಎಂದಿಟ್ಟುಕೊಳ್ಳಿ. ಸುಲಭಕ್ಕೆ ಲೀಟರ್ ರಸದಲ್ಲಿ 170 ಗ್ರಾಂ ಸಕ್ಕರೆ ಎನ್ನೋಣ. ಪ್ರತಿ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಶೇ 1 ಅಲ್ಕೋಹಾಲ್. ಹುದುಗು ಶೇ 5 ಮುಟ್ಟುವಾಗ 85 ಗ್ರಾಂ ಕರಗಿರುತ್ತದೆ, 85 ಗ್ರಾಂ ಉಳಿದಿರುತ್ತದೆ. ಆ ಹೊತ್ತಿಗೆ 100 ಲೀಟರನ್ನು ಶೇ 20ಕ್ಕೆ ಏರಿಸಲು ಶೇ 77ರ ಸ್ಪಿರಿಟ್ ಎಷ್ಟು ಬೇಕು? ಏರಿಸಬೇಕಾದ ಅಂತರ 15, ಸ್ಪಿರಿಟ್ಟಿಗೂ ಗುರಿಗೂ ಇರುವ ಅಂತರ 57. ಹದಿನೈದನ್ನು ಐವತ್ತೇಳರಿಂದ ಭಾಗಿಸಿ ನೂರರಿಂದ ಗುಣಿಸಿದರೆ 26 ಲೀಟರಿಗೆ ಸ್ವಲ್ಪ ಮೇಲೆ. ಸ್ಪಿರಿಟ್ ಸೇರಿ ಅಳತೆ 126 ಲೀಟರಾದಾಗ ಉಳಿದ ಸಕ್ಕರೆ ತೆಳುವಾಗಿ ಲೀಟರಿಗೆ 67 ಗ್ರಾಂಗೆ ಇಳಿಯುತ್ತದೆ. ಪೋರ್ಟ್ ಎನ್ನಲು ಅದು ಸಾಲದು. ಆ ಮಟ್ಟದ ಸಿಹಿಗೆ ಶೇ 20ರ ಸ್ಪಿರಿಟ್ಟೇ ಎದ್ದು ಕಾಣುತ್ತದೆ, ಗಂಟಲಲ್ಲಿ ಉರಿ ಉಳಿಯುತ್ತದೆ.

ಹಾಗಾದರೆ ಇನ್ನೂ ಬೇಗ, ಶೇ 3ಕ್ಕೇ ನಿಲ್ಲಿಸಿದರೆ? ಉಳಿದ ಸಕ್ಕರೆ 119 ಗ್ರಾಂ, ಬೇಕಾದ ಸ್ಪಿರಿಟ್ ಸುಮಾರು 30 ಲೀಟರ್, ಬೆರೆಸಿದ ಮೇಲೆ ಲೀಟರಿಗೆ 92 ಗ್ರಾಂ. ಸಿಹಿ ಸರಿಹೋಯಿತು. ಆದರೆ ಹುದುಗು ಶೇ 3ಕ್ಕೆ ಬರಲು ಒಂದು ದಿನ ಸಾಕು. ಅಷ್ಟರಲ್ಲಿ ಸಿಪ್ಪೆಯ ಬಣ್ಣವೂ ಒಗರೂ ಪೂರ್ತಿ ಇಳಿದಿರುವುದಿಲ್ಲ, ವೈನ್ ತೆಳುವಾಗುತ್ತದೆ. ಡೋರೋದ ಹಣ್ಣು 23–24 ಬ್ರಿಕ್ಸ್‌ವರೆಗೆ ಮಾಗುವುದರಿಂದ ಅಲ್ಲಿನವರಿಗೆ ಈ ಇಕ್ಕಟ್ಟಿಲ್ಲ. ಸಿಹಿ ಬೇಕಾದರೆ ಬಣ್ಣ ಬಿಡಬೇಕು, ಬಣ್ಣ ಬೇಕಾದರೆ ಸಿಹಿ ಬಿಡಬೇಕು ಎಂಬುದು ನಮ್ಮ ಹಣ್ಣಿನ ಇಕ್ಕಟ್ಟು. ಹುದುಗಿಸಿ ಮುಗಿಸಿ ಕೊನೆಗೆ ಸಕ್ಕರೆ ಸೇರಿಸುವ ಅಡ್ಡದಾರಿ ಹುಟ್ಟುವುದು ಇಲ್ಲಿಂದ. ಸ್ಪಿರಿಟ್ಟಿನ ಮಾತೂ ಹಾಗೆಯೇ. ಪೋರ್ಟ್‌ಗೆ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ್ದು ಬೇಕು, ಅದಕ್ಕೆ ತನ್ನದೇ ಘಮವಿದೆ. ನಮ್ಮಲ್ಲಿ ಸಲೀಸಾಗಿ ಸಿಗುವುದು ಕಬ್ಬಿನ ಕಾಕಂಬಿಯಿಂದ ಬರುವ ಶೇ 96ರ ಸ್ಪಿರಿಟ್. ಅದು ಬಲ ಕೊಡುತ್ತದೆ, ರುಚಿ ಕೊಡುವುದಿಲ್ಲ.

ಇದೆಲ್ಲ ಲೈಸೆನ್ಸ್ ಇರುವ ವೈನರಿಯ ಲೆಕ್ಕ. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮೂಲ ತಿಳಿಯದ ಸ್ಪಿರಿಟ್ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ಮಾಡಿ ನೋಡುವ ಕೆಲಸ ಇದಲ್ಲ.

ಎಲ್ಲಿ ತಪ್ಪುತ್ತದೆ

ಪೋರ್ಟ್ ಮಾಡುವವರ ನಿದ್ದೆಗೆಡಿಸುವುದು ಗಡಿಯಾರ. ರಸದ ಉಷ್ಣಾಂಶ 30 ಡಿಗ್ರಿ ಹತ್ತಿರ ಇದ್ದರೆ ಹುದುಗು ಎಷ್ಟು ಜೋರಾಗುತ್ತದೆಂದರೆ ರಾತ್ರಿ ಹತ್ತಕ್ಕೆ ಸಿಹಿಯಾಗಿದ್ದ ರಸ ಬೆಳಗಾಗುವಷ್ಟರಲ್ಲಿ ಗುರಿ ದಾಟಿರುತ್ತದೆ. ಅದಕ್ಕೇ ಕೊನೆಯ ಹಂತದಲ್ಲಿ ಗಂಟೆ ಎರಡು ಗಂಟೆಗೊಮ್ಮೆ ಹೈಡ್ರೋಮೀಟರ್ ಇಳಿಬಿಟ್ಟು ನೋಡುತ್ತಾರೆ. ಗಾಜಿನ ಉದ್ದ ಜಾಡಿಯಲ್ಲಿ ತೇಲುವ ಆ ಕಡ್ಡಿ ಸಕ್ಕರೆ ಕರಗಿದಂತೆಲ್ಲ ಕೆಳಗೆ ಮುಳುಗುತ್ತದೆ. ಅದು ಎಷ್ಟಕ್ಕೆ ಬಂದಾಗ ಬಸಿಯಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಬಸಿಯಲು, ಪಂಪ್ ಮಾಡಲು ಹಿಡಿಯುವ ಹೊತ್ತಿನಲ್ಲೂ ಹುದುಗು ನಡೆಯುತ್ತಲೇ ಇರುತ್ತದೆ. ಹೀಗಾಗಿ ಆ ಗೆರೆಗೆ ಸ್ವಲ್ಪ ಮೊದಲೇ ಕೈ ಹಾಕಬೇಕು.

ಎರಡನೆಯ ತಪ್ಪು ಬೆರೆಸುವಾಗ ಆಗುತ್ತದೆ. ಸ್ಪಿರಿಟ್ ವೈನ್‌ಗಿಂತ ಹಗುರ. ಮೇಲೆ ಸುರಿದು ಬಿಟ್ಟರೆ ಮೇಲೆಯೇ ನಿಂತು, ತಳದ ರಸದಲ್ಲಿ ಯೀಸ್ಟ್ ತನ್ನ ಪಾಡಿಗೆ ಸಕ್ಕರೆ ತಿನ್ನುತ್ತಿರುತ್ತದೆ. ತೊಟ್ಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ನಿಲ್ಲದಿದ್ದರೆ ಅನುಮಾನ ಪಡಬೇಕು. ಚೆನ್ನಾಗಿ ಕಲಕಿದ ಮೇಲೆ ಒಂದು ಅಳತೆ ತೆಗೆದು ಎರಡು–ಮೂರು ದಿನ ಬಿಟ್ಟು ಮತ್ತೆ ಅಳೆದರೆ ನಿಜ ತಿಳಿಯುತ್ತದೆ. ಅಂಕಿ ಅಲ್ಲಾಡದಿದ್ದರೆ ಯೀಸ್ಟ್ ಸತ್ತಿದೆ. ಅಲ್ಕೋಹಾಲ್ ಇರುವ ದ್ರವದಲ್ಲಿ ಹೈಡ್ರೋಮೀಟರ್ ತೋರಿಸುವ ಅಂಕಿಯನ್ನು ಸಕ್ಕರೆಯ ನಿಜವಾದ ಪ್ರಮಾಣ ಎಂದುಕೊಳ್ಳಬಾರದು. ಅದು ಬದಲಾಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಇಲ್ಲಿ ಮುಖ್ಯ. ಸ್ಪಿರಿಟ್ ಉಳಿಸಲು ಹೋಗಿ ಶೇ 15ಕ್ಕೇ ನಿಲ್ಲಿಸಿ ಸಿಹಿಯನ್ನೂ ಉಳಿಸಿಕೊಂಡ ವೈನ್, ಬಾಟಲಿಯಲ್ಲಿ ಮತ್ತೆ ಹುದುಗಿ ಬಿರಡೆ ಹಾರಿಸುವುದುಂಟು.

ಬೆರೆಸಿ ಮುಗಿದ ಪೋರ್ಟ್ ಮುಂದೆ ಎರಡು ದಾರಿ ಹಿಡಿಯುತ್ತದೆ. ದೊಡ್ಡ ತೊಟ್ಟಿಯಲ್ಲಿ, ಗಾಳಿ ಹೆಚ್ಚು ತಾಗದ ಹಾಗೆ ಎರಡು ಮೂರು ವರ್ಷ ಇಟ್ಟು ಬಾಟಲಿಗೆ ತುಂಬಿದರೆ ಕೆಂಪು ಬಣ್ಣ, ಹಸಿ ಹಣ್ಣಿನ ರುಚಿ ಉಳಿದ ರೂಬಿ. ಸಣ್ಣ ಮರದ ಪೀಪಾಯಿಯಲ್ಲಿ 10, 20, 30 ವರ್ಷ ಬಿಟ್ಟರೆ ಮರದ ಸಂದಿಯಿಂದ ಗಾಳಿ ತಾಗಿ ಕೆಂಪು ಹೋಗಿ ಕಂದು ಬರುತ್ತದೆ. ಒಣದ್ರಾಕ್ಷಿ, ಅಕ್ರೋಟು, ಕಾಸಿದ ಸಕ್ಕರೆಯ ಘಮ ಬರುತ್ತದೆ. ಅದು ಟಾನಿ. ಒಳ್ಳೆಯ ವರ್ಷದ ಹಣ್ಣಿನಿಂದ ಮಾಡಿ, ಎರಡು ವರ್ಷದ ಬಳಿಕ ಬಾಟಲಿಗೆ ತುಂಬಿ, ಮುಂದಿನ ದಶಕಗಳನ್ನು ಬಾಟಲಿಯಲ್ಲೇ ಕಳೆಯುವುದು ವಿಂಟೇಜ್.

ಮೂರು ಲೀಟರಿನ ಅಂತರ

ಶೆರ್ರಿಯ ಊರು ಸ್ಪೇನಿನ ದಕ್ಷಿಣದ ಹೆರೆಸ್. ಪಾಲೊಮಿನೊ ಎಂಬ ಬಿಳಿ ದ್ರಾಕ್ಷಿ, ಬಿಳಿ ಸುಣ್ಣಕಲ್ಲಿನ ನೆಲ, ಸಮುದ್ರದ ಗಾಳಿ. ಇಲ್ಲಿ ಹುದುಗನ್ನು ಯಾರೂ ತಡೆಯುವುದಿಲ್ಲ. ಸಕ್ಕರೆಯೆಲ್ಲ ಮುಗಿದು ಶೇ 11–12ರ ಸಪ್ಪೆ ಬಿಳಿ ವೈನ್ ಸಿದ್ಧವಾಗುತ್ತದೆ. ರುಚಿ ನೋಡುವವರು ತೊಟ್ಟಿಯಿಂದ ತೊಟ್ಟಿಗೆ ಹೋಗಿ, ನವಿರಾದವುಗಳನ್ನು ಒಂದು ಕಡೆಗೆ, ದಪ್ಪನೆಯವುಗಳನ್ನು ಇನ್ನೊಂದು ಕಡೆಗೆ ಗುರುತು ಹಾಕುತ್ತಾರೆ. ನವಿರಾದದ್ದನ್ನು ಶೇ 15ಕ್ಕೆ, ದಪ್ಪನೆಯದನ್ನು ಶೇ 17ಕ್ಕೂ ಮೇಲೆ ಏರಿಸುತ್ತಾರೆ. ಶೇ 11.5ರ ನೂರು ಲೀಟರ್ ವೈನನ್ನು ಶೇ 15ಕ್ಕೆ ತರಲು ಶೇ 96ರ ಸ್ಪಿರಿಟ್ 4.3 ಲೀಟರ್ ಸಾಕು. ಶೇ 17.5ಕ್ಕೆ ತರಲು 7.6 ಲೀಟರ್ ಬೇಕು. ಮೂರು ಲೀಟರು ಚಿಲ್ಲರೆಯ ಈ ಅಂತರ ಎರಡು ಬೇರೆ ಬೇರೆ ವೈನ್‌ಗಳನ್ನು ಹುಟ್ಟಿಸುತ್ತದೆ.

ಶೇ 15ರ ವೈನನ್ನು 600 ಲೀಟರಿನ ಪೀಪಾಯಿಗೆ ಪೂರ್ತಿ ತುಂಬದೆ 500 ಲೀಟರಿಗೆ ನಿಲ್ಲಿಸುತ್ತಾರೆ. ಮೇಲಿನ ಖಾಲಿ ಜಾಗದಲ್ಲಿ, ವೈನ್‌ನ ಮುಖದ ಮೇಲೆ, ಯೀಸ್ಟಿನ ಒಂದು ಪೊರೆ ಕಟ್ಟುತ್ತದೆ. ಹೆರೆಸ್‌ನವರು ಅದನ್ನು ಫ್ಲೋರ್ ಎನ್ನುತ್ತಾರೆ. ಬೆಳ್ಳಗೆ, ದಪ್ಪವಾಗಿ, ಸುಕ್ಕು ಸುಕ್ಕಾಗಿ ಹರಡಿರುವ ಈ ಪೊರೆ ಗಾಳಿ ಕೆಳಗಿಳಿಯದಂತೆ ತಡೆಯುತ್ತದೆ. ಜೊತೆಗೆ ಅಲ್ಕೋಹಾಲನ್ನೂ ಗ್ಲಿಸರಾಲನ್ನೂ ತಿಂದು ಅಸಿಟಾಲ್ಡಿಹೈಡ್ ಎಂಬ ಪದಾರ್ಥವನ್ನು ಬಿಡುತ್ತದೆ. ಕೊಯ್ದಿಟ್ಟ ಸೇಬಿನ, ಹಸಿ ಬಾದಾಮಿಯ ವಾಸನೆ ಬರುವುದು ಅದರಿಂದ. ಗ್ಲಿಸರಾಲ್ ಕಡಿಮೆಯಾದ್ದರಿಂದ ನಾಲಿಗೆಗೆ ಕಡ್ಡಿಯಷ್ಟು ಒಣ ಅನುಭವ. ಇದು ಫಿನೊ. ಸಮುದ್ರದ ಅಂಚಿನ ಸಾನ್‌ಲೂಕಾರ್ ಊರಿನಲ್ಲಿ ಬೆಳೆದದ್ದು ಮಂಜನಿಯ.

ಶೇ 17 ದಾಟಿದ ವೈನ್‌ನಲ್ಲಿ ಪೊರೆ ಬದುಕುವುದಿಲ್ಲ. ಅಲ್ಲಿ ವೈನ್ ನೇರ ಗಾಳಿಗೆ ಒಡ್ಡಿಕೊಂಡು ವರ್ಷಗಟ್ಟಲೆ ಕಂದಾಗುತ್ತ ಗಟ್ಟಿಯಾಗುತ್ತದೆ. ಅದು ಒಲೊರೊಸೊ. ಹುರಿದ ಕಾಳಿನ, ಹಳೆಯ ಮರದ ಘಮ ದಟ್ಟವಾಗಿದ್ದರೂ ಅದೂ ಡ್ರೈಯೇ. ಕೆಲವು ವರ್ಷ ಪೊರೆಯ ಕೆಳಗಿದ್ದು, ಪೊರೆ ಸತ್ತ ಮೇಲೆ ಗಾಳಿಯಲ್ಲಿ ಮಾಗಿದ್ದು ಅಮೊಂತಿಯಾದೊ, ಎರಡರ ನಡುವಿನದು.

ಶೆರ್ರಿಗೆ ಇಂಥ ವರ್ಷದ್ದು ಎಂಬ ಗುರುತು ಅಪರೂಪ. ಪೀಪಾಯಿಗಳನ್ನು ಹಂತ ಹಂತವಾಗಿ ಜೋಡಿಸಿ, ಅತಿ ಹಳೆಯ ಹಂತದಿಂದ ಒಂದು ಪಾಲು ಮಾತ್ರ ಬಾಟಲಿಗೆ ತೆಗೆದು, ಖಾಲಿಯಾದಷ್ಟನ್ನು ಅದಕ್ಕಿಂತ ಎಳೆಯ ಹಂತದಿಂದ ತುಂಬುತ್ತಾರೆ. ಎಳೆಯದಕ್ಕೆ ಹೊಸ ವೈನ್ ಸೇರುತ್ತದೆ. ಮನೆಯ ಹಳೆ ಹೆಪ್ಪು ದಿನದಿನದ ಮೊಸರಿನಲ್ಲಿ ಮುಂದುವರಿದಂತೆ ಹಳೆಯ ವೈನ್‌ನ ಒಂದು ಅಂಶ ಪ್ರತಿ ಬಾಟಲಿಯಲ್ಲೂ ಇರುತ್ತದೆ. ಈ ಏರ್ಪಾಡಿಗೆ ಸೊಲೆರಾ ಎಂದು ಹೆಸರು.

ಶಿರಾದಲ್ಲಿ ಇಂಥ ಪೊರೆ ಕಟ್ಟೀತೇ? ಅದಕ್ಕೆ 15ರಿಂದ 20 ಡಿಗ್ರಿ ಉಷ್ಣಾಂಶ, ತೇವದ ಗಾಳಿ ಬೇಕು. ಡಿಸೆಂಬರಿನಲ್ಲಿ ದಪ್ಪ ಗೋಡೆಯ ಕೋಣೆಯಲ್ಲಿ ಅದು ಕಷ್ಟವಲ್ಲ. ಶಿರಾ, ಪಾವಗಡದ ಏಪ್ರಿಲ್ ಧಗೆಯಲ್ಲಿ, ತಂಪು ಯಂತ್ರವಿಲ್ಲದೆ ಪೊರೆ ತೂತು ಬಿದ್ದು ಕಂದಾಗಿ ತಳಕ್ಕೆ ಇಳಿಯುತ್ತದೆ. ಆಮೇಲೆ ಶೇ 15ರ ಆ ವೈನ್‌ಗೆ ವಿನಿಗರ್ ಬ್ಯಾಕ್ಟೀರಿಯಾ ನುಗ್ಗಲು ಬಾಗಿಲು ತೆರೆದಂತೆ. ಕೆಡುತ್ತಿರುವುದನ್ನು ಮೂಗೇ ಹೇಳುತ್ತದೆ. ಸೇಬಿನ ವಾಸನೆ ಹೋಗಿ ಉಗುರಿನ ಬಣ್ಣ ಒರೆಸುವ ದ್ರವದ ಘಾಟು ಬಂದರೆ ಆ ಪೀಪಾಯಿ ಕೈ ಬಿಟ್ಟಿತು ಎಂದೇ ಅರ್ಥ. ಒಲೊರೊಸೊ ಮಾದರಿಗಾದರೆ ಬಯಲುಸೀಮೆಯ ಬಿಸಿಲು ಅಷ್ಟು ಹಗೆಯಲ್ಲ. ಒಣ ಹವೆಯಲ್ಲಿ ಮರದ ಮೂಲಕ ಅಲ್ಕೋಹಾಲಿಗಿಂತ ನೀರು ಬೇಗ ಆರುವುದರಿಂದ ವೈನ್‌ನ ಬಲ ಏರುತ್ತಲೇ ಹೋಗುತ್ತದೆ. ಆದರೆ ಆರಿಹೋಗುವ ಪಾಲೂ ಹೆಚ್ಚು. ಹೆರೆಸ್‌ನಲ್ಲೇ ವರ್ಷಕ್ಕೆ ಶೇ 3ರಿಂದ 5ರಷ್ಟು ಆವಿಯಾಗುತ್ತದೆ. ಅದಕ್ಕಿಂತ ಬಿಸಿಯಾದ ಜಾಗದಲ್ಲಿ ಹತ್ತು ವರ್ಷ ಕಾಯುವ ವೈನರಿಗೆ ಆ ನಷ್ಟ ದೊಡ್ಡದು.

ಸಿಹಿ ಶೆರ್ರಿಯೂ ಉಂಟಲ್ಲ ಎನ್ನಬಹುದು. ಉಂಟು, ಅದರ ದಾರಿ ಬೇರೆ. ಪೆದ್ರೊ ಹಿಮೆನೆಸ್ ಎಂಬ ದ್ರಾಕ್ಷಿಯನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿ, ಒಂದು ಎರಡು ವಾರ ಬಾಡಿಸಿ, ಅರ್ಧ ಒಣದ್ರಾಕ್ಷಿಯಾದ ಮೇಲೆ ಹಿಂಡುತ್ತಾರೆ. ವಿಜಯಪುರದ ಕಡೆ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಈ ಕೆಲಸದ ಅಂದಾಜು ಸಿಗುತ್ತದೆ. ನಮ್ಮವರು ನೆರಳಿನಲ್ಲಿ ಪೂರ್ತಿ ಒಣಗಿಸುತ್ತಾರೆ, ಅಲ್ಲಿನವರು ರಸ ಇರುವಾಗಲೇ ನಿಲ್ಲಿಸುತ್ತಾರೆ. ಆ ರಸ ಎಷ್ಟು ಸಿಹಿಯೆಂದರೆ ಯೀಸ್ಟಿಗೇ ತಡೆಯಲಾಗದು. ಸ್ಪಿರಿಟ್ ಸೇರಿಸಿ ಮಾಗಿಸಿದಾಗ ಲೀಟರಿಗೆ 400 ಗ್ರಾಂ ಸಕ್ಕರೆ ಇರುವ, ಜೋನಿ ಬೆಲ್ಲದಂತೆ ಕಪ್ಪಗೆ ದಪ್ಪಗೆ ಇಳಿಯುವ ವೈನ್ ಸಿಗುತ್ತದೆ. ಅದನ್ನು ಒಲೊರೊಸೊಗೆ ಬೆರೆಸಿದ್ದು ಕ್ರೀಮ್ ಶೆರ್ರಿ. ಅದರಲ್ಲಿ ಹಾಲಿನ ಕೆನೆ ಇಲ್ಲ.

ಯಾವಾಗ ಯಾವುದು

ಬಡಿಸುವ ವಿಷಯಕ್ಕೆ ಬಂದರೆ ಡ್ರೈ ಮೊದಲು, ಸಿಹಿ ಕೊನೆಗೆ. ಸಿಹಿ ನಾಲಿಗೆಯ ಮೇಲೆ ಕೂತರೆ ಆಮೇಲೆ ಬರುವ ಡ್ರೈ ವೈನ್ ಬರೀ ಹುಳಿಯಾಗಿ ತೋರುತ್ತದೆ. ಹಸಿವೂ ಮಂದವಾಗುತ್ತದೆ. ಹೀಗಾಗಿ ಫಿನೊ, ಮಂಜನಿಯ ಊಟಕ್ಕೆ ಮುಂಚಿನವು. ಜೊತೆಗೆ ಉಪ್ಪು, ಎಣ್ಣೆ ಇರುವ ತಿಂಡಿ ಬೇಕು. ಉಪ್ಪು ಹಾಕಿ ಹುರಿದ ಕಡಲೆಕಾಯಿ ಇದಕ್ಕೆ ಹೇಳಿ ಮಾಡಿಸಿದ್ದು, ಅದಕ್ಕೆ ನಮ್ಮ ಪಾವಗಡ, ಶಿರಾ ಸೀಮೆಯಲ್ಲಿ ಬರವಿಲ್ಲ. ಮೆಣಸಿನಕಾಯಿ ಹಾಕದ ಈರುಳ್ಳಿ ಬಜ್ಜಿ, ಕೆರೆಮೀನಿನ ಫ್ರೈ ಕೂಡ ಆಗುತ್ತದೆ. ಎಣ್ಣೆಯ ಜಿಡ್ಡನ್ನು ಆ ಒಣ ರುಚಿ ತೊಳೆದು ಬಾಯಿ ಹಗುರ ಮಾಡುತ್ತದೆ.

ಅಮೊಂತಿಯಾದೊ, ಒಲೊರೊಸೊ ಊಟದ ನಡುವಿನವು. ಅಣಬೆ ಪಲ್ಯ, ಖಾರ ಕಡಿಮೆ ಹಾಕಿ ನಿಧಾನವಾಗಿ ಬೇಯಿಸಿದ ಮಟನ್, ಹುರಿದು ರುಬ್ಬಿದ ಮಸಾಲೆ ಇರುವ ಅಡುಗೆಗೆ ಅವುಗಳ ಹುರಿದ ಘಮ ಜೊತೆಯಾಗುತ್ತದೆ. ಆದರೆ ಇಲ್ಲಿ ನಮ್ಮ ಕಡೆಯ ಅಡುಗೆಗೆ ಒಂದು ಎಚ್ಚರ ಬೇಕು. ಖಾರದ ಉರಿಯನ್ನು ಅಲ್ಕೋಹಾಲ್ ಹೆಚ್ಚಿಸುತ್ತದೆ. ಬ್ಯಾಡಗಿಯ ಬಣ್ಣಕ್ಕೆ ಗುಂಟೂರಿನ ಖಾರ ಸೇರಿಸಿದ ನಾಟಿ ಕೋಳಿ ಸಾರಿನ ಪಕ್ಕದಲ್ಲಿ ಶೇ 18ರ ಒಣ ಒಲೊರೊಸೊ ಇಟ್ಟರೆ ಎರಡೂ ಕೆಡುತ್ತವೆ. ಮುದ್ದೆ, ಸಾರಿನ ಊಟಕ್ಕೆ ಈ ವರ್ಗದ ವೈನನ್ನು ಬಿಡುವುದೇ ಮೇಲು. ಅದರ ಜಾಗ ಊಟಕ್ಕೆ ಮುಂಚೆ ಅಥವಾ ಆಮೇಲೆ.

ಸಿಹಿ ಅಡುಗೆಗೆ ಇರುವ ನಿಯಮ ಒಂದೇ: ವೈನ್ ಕನಿಷ್ಠ ತಿಂಡಿಯಷ್ಟಾದರೂ ಸಿಹಿಯಾಗಿರಬೇಕು. ಇಲ್ಲದಿದ್ದರೆ ಒಬ್ಬಟ್ಟು ಗೆದ್ದು ವೈನ್ ಹುಳಿಯಾಗಿ ಸೋಲುತ್ತದೆ. ಬೆಲ್ಲದ ಬೇಳೆ ಒಬ್ಬಟ್ಟು, ಕಜ್ಜಾಯ, ಕಡಲೆಬೀಜದ ಚಿಕ್ಕಿಗೆ ಹತ್ತು ವರ್ಷದ ಟಾನಿ ಚೆನ್ನ. ಕಾಸಿದ ಬೆಲ್ಲದ, ಹುರಿದ ಬೀಜದ ಘಮ ಎರಡು ಕಡೆಯೂ ಇದೆ. ರೂಬಿಗೆ ಹಣ್ಣಿನ ಗುಣ ಹೆಚ್ಚಿರುವುದರಿಂದ ಕಪ್ಪು ಚಾಕೊಲೇಟ್, ನೇರಳೆಯಂಥ ಹುಳಿಸಿಹಿ ಹಣ್ಣು, ಉಪ್ಪಿನಂಶ ಹೆಚ್ಚಿರುವ ಗಟ್ಟಿ ಚೀಸ್‌ಗೆ ಹೊಂದುತ್ತದೆ. ಪಾಕದಲ್ಲಿ ಮುಳುಗಿದ ಜಾಮೂನಿಗೆ ಟಾನಿಯೂ ಸಾಲದು, ಅಲ್ಲಿ ಪೆದ್ರೊ ಹಿಮೆನೆಸ್ ಮಾತ್ರ ಎದುರು ನಿಲ್ಲುತ್ತದೆ. ಸ್ಪೇನಿನಲ್ಲಿ ಅದನ್ನು ವೆನಿಲಾ ಐಸ್‌ಕ್ರೀಮಿನ ಮೇಲೆ ಎರಡು ಚಮಚ ಸುರಿದು ಕೊಡುವುದುಂಟು, ನಮ್ಮ ಬೇಸಿಗೆಗೂ ಅದು ಒಗ್ಗುತ್ತದೆ.

ಉಷ್ಣಾಂಶದಲ್ಲಿ ನಾವು ಸುಲಭವಾಗಿ ಎಡವುತ್ತೇವೆ. ಕೆಂಪು ವೈನ್ ‘ಕೋಣೆಯ ಉಷ್ಣಾಂಶ’ದಲ್ಲಿ ಕೊಡಿ ಎಂಬ ಮಾತು ಯುರೋಪಿನ 18 ಡಿಗ್ರಿಯ ಕೋಣೆಯದು, ಶಿರಾದ 34 ಡಿಗ್ರಿಯದಲ್ಲ. ಬಿಸಿಯಾದಷ್ಟೂ ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ, ಸಿಹಿ ಅಂಟಂಟಾಗುತ್ತದೆ. ಫಿನೊ 7ರಿಂದ 9 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಿಂದ ನೇರ ತೆಗೆದು ಕೊಡಬಹುದು. ಅಮೊಂತಿಯಾದೊ, ಒಲೊರೊಸೊ, ಟಾನಿ 12ರಿಂದ 14 ಡಿಗ್ರಿ. ರೂಬಿ 14ರಿಂದ 16. ಫ್ರಿಜ್ಜಿನಲ್ಲಿ ಒಂದೂವರೆ ಎರಡು ಗಂಟೆ ಇಟ್ಟರೆ ಸಾಕಾಗುತ್ತದೆ. ಲೋಟ ಸಣ್ಣದಿರಲಿ. ಒಬ್ಬರಿಗೆ 50ರಿಂದ 75 ಮಿಲಿಲೀಟರ್, ಅದಕ್ಕಿಂತ ಹೆಚ್ಚು ಬೇಡ. ಸಿಹಿ ಇದೆಯೆಂದು ಜ್ಯೂಸಿನಂತೆ ಕುಡಿದವರು ಸಾಮಾನ್ಯ ವೈನ್‌ನ ಒಂದೂವರೆ ಪಟ್ಟು ಬಲದ್ದನ್ನು ಕುಡಿದಿರುತ್ತಾರೆ.

ತೆರೆದ ಬಾಟಲಿಯ ಆಯುಸ್ಸನ್ನೂ ಹುಟ್ಟಿನ ಕ್ರಮವೇ ನಿರ್ಧರಿಸುತ್ತದೆ. ಪೊರೆಯ ಕೆಳಗೆ ಗಾಳಿ ಕಾಣದೆ ಬೆಳೆದ ಫಿನೊಗೆ ಗಾಳಿ ತಾಗಿದರೆ ಆಗದು, ಫ್ರಿಜ್ಜಿನಲ್ಲಿಟ್ಟರೂ ಒಂದು ವಾರದೊಳಗೆ ಮುಗಿಸಬೇಕು. ಬಣ್ಣ ಗಾಢವಾಗಿ ಸೇಬಿನ ವಾಸನೆ ಮಂಕಾದರೆ ಅದರ ಕಾಲ ಮುಗಿಯಿತು. ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿ ಕುಡಿದ ಒಲೊರೊಸೊ ತಿಂಗಳಾದರೂ ಕೆಡದು, ಟಾನಿ ಮೂರು ವಾರ ತಡೆಯುತ್ತದೆ. ರೂಬಿ ಹತ್ತು ದಿನ. ಬಾಟಲಿಯೊಳಗೇ ಮಾಗಿದ ವಿಂಟೇಜ್ ಒಂದೆರಡು ದಿನಕ್ಕೆ ಸೋಲುತ್ತದೆ. ತಳದಲ್ಲಿ ಗಷ್ಟಿರುವ ಆ ಬಾಟಲಿಯನ್ನು ಒಂದು ದಿನ ಮುಂಚೆ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬೇರೆ ಜಗ್ಗಿಗೆ ಬಗ್ಗಿಸಿಕೊಳ್ಳಬೇಕು.

ವರ್ಷಕ್ಕೆ ಒಂದೆರಡು ಸಲ ನೆಂಟರು ಬಂದಾಗ ತೆರೆದು, ಮಿಕ್ಕದ್ದನ್ನು ಎತ್ತಿಡುವ ಮನೆಗೆ ಟಾನಿ ಅಥವಾ ಒಲೊರೊಸೊ ಸರಿಯಾದ ಆಯ್ಕೆ. ಫಿನೊ ಕೊಳ್ಳುವುದಾದರೆ ಅರ್ಧ ಬಾಟಲಿ ಸಾಕು, ಅದೂ ಕುಡಿಯುವವರು ನಾಲ್ಕು ಜನ ಇದ್ದಾಗ. ನಮ್ಮ ಅಂಗಡಿಯ ಶೇ 14ರ ಸಿಹಿ ಕೆಂಪು ವೈನ್ ಕೊಂಡರೆ ಅದನ್ನು ಪೋರ್ಟ್ ಎಂದು ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡಬೇಡಿ. ಕಾಪಾಡುವ ಸ್ಪಿರಿಟ್ ಅದರಲ್ಲಿಲ್ಲ, ಕೆಡಿಸುವ ಸಕ್ಕರೆ ಇದೆ. ತಣ್ಣಗೆ ಮಾಡಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ.